ಸ್ಕೋರ್ ಐದು: ಅತ್ತಲೂ ಇಲ್ಲ, ಇತ್ತಲೂ ಇಲ್ಲ

ಬಿಳಿ ಸೆರಗಿನ ತೊಂದರೆಗೆಂದು ವೈದ್ಯರ ಬಳಿ ಹೋದ ಮಹಿಳೆಯ ಕೈಗೆ ಲ್ಯಾಬಿನಿಂದ ಬರುವ ಚೀಟಿಯಲ್ಲಿ ಕೆಲವೊಮ್ಮೆ ಒಂದೇ ಒಂದು ಸಾಲಿರುತ್ತದೆ: ನ್ಯೂಜೆಂಟ್ ಸ್ಕೋರ್ 5. ರಕ್ತದ ಸಕ್ಕರೆಯ ಹಾಗೆ ಇದನ್ನು ಯಾವ ಯಂತ್ರವೂ ಅಳೆದಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತ ಒಬ್ಬರು ಬ್ಯಾಕ್ಟೀರಿಯಾಗಳ ಆಕಾರ ನೋಡಿ, ಎಣಿಸಿ ಬರೆದ ಅಂಕಿ ಇದು.

ಯೋನಿಯಲ್ಲಿ ಸಾಮಾನ್ಯವಾಗಿ ಲ್ಯಾಕ್ಟೋಬ್ಯಾಸಿಲಸ್‌ಗಳದ್ದೇ ಕಾರುಬಾರು. ಲ್ಯಾಕ್ಟಿಕ್ ಆಮ್ಲ ತಯಾರಿಸಿ ಅಲ್ಲಿನ ಹುಳಿತನವನ್ನು ಕಾಯುವುದು ಅವೇ. ಅವು ಕಡಿಮೆಯಾಗಿ ಗಾರ್ಡ್ನೆರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾಗಳು ದಟ್ಟವಾಗಿ ಬೆಳೆದ ಸ್ಥಿತಿಯೇ ಬ್ಯಾಕ್ಟೀರಿಯಲ್ ವಜೈನೋಸಿಸ್. ಹೊರಗಿನಿಂದ ನುಗ್ಗಿದ ಒಂದು ರೋಗಾಣುವಿನ ಕೆಲಸ ಇದಲ್ಲ, ಹಾಗಾಗಿ ಒಂದು ರೋಗಾಣುವನ್ನು ಹುಡುಕಿ ಹಿಡಿದರೆ ಪತ್ತೆ ಮುಗಿಯುವುದೂ ಇಲ್ಲ. ಯಾವುದು ಎಷ್ಟಿದೆ ಎಂಬ ತಕ್ಕಡಿಯನ್ನೇ ನೋಡಬೇಕು. ರಾಬರ್ಟ್ ನ್ಯೂಜೆಂಟ್, ಮಾರಿಜೇನ್ ಕ್ರಾನ್, ಶರೋನ್ ಹಿಲಿಯರ್ 1991ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆಂದೇ ಹುಟ್ಟಿತು. ಮೈಸೂರಿನಲ್ಲಿ 2005-06ರಲ್ಲಿ ಸುಮಾರು 900 ಯುವತಿಯರನ್ನು ಪರೀಕ್ಷಿಸಿದ ಅಧ್ಯಯನವೊಂದು ನೂರಕ್ಕೆ ಸುಮಾರು 19 ಮಂದಿಯಲ್ಲಿ ಈ ಸ್ಥಿತಿ ಕಂಡದ್ದೂ ಇದೇ ಅಳತೆಗೋಲಿನಿಂದ.

ಯೋನಿಯ ಪಕ್ಕದ ಗೋಡೆಯಿಂದ ತೆಗೆದ ಸ್ವಾಬನ್ನು ಗಾಜಿನ ಸ್ಲೈಡಿನ ಮೇಲೆ ಉಜ್ಜದೆ ಮೆಲ್ಲಗೆ ಉರುಳಿಸುತ್ತಾರೆ. ಒಣಗಿಸಿ ಗ್ರಾಂ ಬಣ್ಣ ಹಾಕುತ್ತಾರೆ: ಮೊದಲು ನೇರಳೆಯ ಕ್ರಿಸ್ಟಲ್ ವೈಲೆಟ್, ಆಮೇಲೆ ಅಯೋಡಿನ್, ಬಳಿಕ ಬಣ್ಣ ಕಳೆಯುವ ಆಲ್ಕೋಹಾಲ್ ಅಥವಾ ಅಸಿಟೋನ್, ಕಡೆಗೆ ಗುಲಾಬಿ ಸ್ಯಾಫ್ರನಿನ್. ಎಣ್ಣೆ ಹನಿ ಹಾಕಿ ಸಾವಿರ ಪಟ್ಟು ಹಿಗ್ಗಿಸಿದಾಗ ದಪ್ಪ, ಉದ್ದನೆಯ ನೇರಳೆ ಕಡ್ಡಿಗಳು ಕಂಡರೆ ಲ್ಯಾಕ್ಟೋಬ್ಯಾಸಿಲಸ್ ಬಗೆ. ಅರ್ಧ ನೇರಳೆ, ಅರ್ಧ ಗುಲಾಬಿಯಾದ ಪುಟಾಣಿ ಕಡ್ಡಿಗಳು ಗಾರ್ಡ್ನೆರೆಲ್ಲಾ ಬಗೆ. ಅಲ್ಪವಿರಾಮದಂತೆ ಬಾಗಿದವು ಮೊಬಿಲಂಕಸ್ ಬಗೆ. ‘ಬಗೆ’ ಎನ್ನುವುದಕ್ಕೆ ಕಾರಣವಿದೆ: ಇಲ್ಲಿ ಗುರುತಿಸುವುದು ಆಕಾರವನ್ನು ಮಾತ್ರ, ಜಾತಿಯನ್ನಲ್ಲ.

ಹತ್ತಾರು ಫೀಲ್ಡ್ ಎಣಿಸಿ ಸರಾಸರಿ ತೆಗೆಯುತ್ತಾರೆ. ಒಂದು ಫೀಲ್ಡಿಗೆ 30ಕ್ಕಿಂತ ಹೆಚ್ಚು ಲ್ಯಾಕ್ಟೋಬ್ಯಾಸಿಲಸ್ ಇದ್ದರೆ ಸೊನ್ನೆ ಅಂಕ. 5ರಿಂದ 30 ಇದ್ದರೆ 1, 1ರಿಂದ 4 ಇದ್ದರೆ 2, ಒಂದಕ್ಕಿಂತ ಕಡಿಮೆಯಾದರೆ 3, ಒಂದೂ ಇಲ್ಲದಿದ್ದರೆ 4. ಪುಟಾಣಿ ಕಡ್ಡಿಗಳಿಗೆ ಇದೇ ಮೆಟ್ಟಿಲು ತಲೆಕೆಳಗು: ಇಲ್ಲದಿದ್ದರೆ ಸೊನ್ನೆ, 30 ದಾಟಿದರೆ 4. ಬಾಗಿದವಕ್ಕೆ ಎಷ್ಟಿದ್ದರೂ ಎರಡಕ್ಕಿಂತ ಹೆಚ್ಚು ಅಂಕವಿಲ್ಲ. ಮೂರನ್ನೂ ಕೂಡಿದರೆ 0ರಿಂದ 3 ಸಹಜ, 7ರಿಂದ 10 ವಜೈನೋಸಿಸ್. ನಡುವಿನ 4ರಿಂದ 6 ಮಧ್ಯಂತರ.

ಪೇಚಿಗೆ ಸಿಲುಕಿಸುವುದು ಈ ನಡುವಿನ ಸೀಮೆ. ಒಂದು ಸ್ಲೈಡಿನಲ್ಲಿ ಫೀಲ್ಡಿಗೆ ಸರಾಸರಿ ಎಂಟು ಲ್ಯಾಕ್ಟೋಬ್ಯಾಸಿಲಸ್, ಮೂರು ಪುಟಾಣಿ ಕಡ್ಡಿ ಇವೆ, ಬಾಗಿದವು ಇಲ್ಲ ಎಂದುಕೊಳ್ಳಿ. ಅಂಕ 1, 2, 0. ಒಟ್ಟು 3, ಸಹಜ. ಅದೇ ಮಾದರಿಯ ಮತ್ತೊಂದು ಸ್ಲೈಡಿಗೆ ಬಣ್ಣ ಹಾಕುವಾಗ ಫೋನ್ ಬಂತು, ಆಲ್ಕೋಹಾಲ್ ಕೆಲವು ಸೆಕೆಂಡ್ ಹೆಚ್ಚು ನಿಂತಿತು. ಎಂಟರಲ್ಲಿ ಐದು ಲ್ಯಾಕ್ಟೋಬ್ಯಾಸಿಲಸ್‌ಗಳು ನೇರಳೆ ಕಳೆದುಕೊಂಡವು. ಅವಸರದ ಕಣ್ಣು ಅವನ್ನು ಪುಟಾಣಿಗಳ ಗುಂಪಿಗೆ ಸೇರಿಸಿತು. ಈಗ ಮೂರು ಮತ್ತು ಎಂಟು, ಅಂಕ 2 ಮತ್ತು 3, ಒಟ್ಟು 5. ಮಹಿಳೆಯ ದೇಹದಲ್ಲಿ ಏನೂ ಬದಲಾಗಿಲ್ಲ, ಚೀಟಿ ಮಾತ್ರ ಬದಲಾಯಿತು.

ಇದನ್ನು ಹಿಡಿಯುವುದು ಹೇಗೆ? ಸ್ಲೈಡಿನಲ್ಲೇ ಇರುವ ಬಿಳಿ ರಕ್ತಕಣಗಳ ನ್ಯೂಕ್ಲಿಯಸ್ ಗುಲಾಬಿಯಾಗಿರಬೇಕು. ಅದೇ ನೇರಳೆಯಾಗಿದ್ದರೆ ಬಣ್ಣ ಸಾಕಷ್ಟು ಕಳೆದಿಲ್ಲ. ಹೆಚ್ಚು ಕಳೆದದ್ದನ್ನು ತೋರಿಸಲು ಅದು ಸಾಲದು, ಏಕೆಂದರೆ ಆಗಲೂ ಅದು ಗುಲಾಬಿಯೇ. ಹಾಗಾಗಿ ಅದೇ ಸುತ್ತಿನಲ್ಲಿ ಸ್ಟಫೈಲೋಕಾಕಸ್ ಮತ್ತು ಇ. ಕೋಲೈ ಇರುವ ಕಂಟ್ರೋಲ್ ಸ್ಲೈಡಿಗೂ ಬಣ್ಣ ಹಾಕಬೇಕು. ಸ್ಟಫೈಲೋಕಾಕಸ್ ನೇರಳೆ ಉಳಿಸಿಕೊಳ್ಳದಿದ್ದರೆ ಆ ಸುತ್ತಿನ ಯಾವ ಅಂಕಿಯನ್ನೂ ನಂಬುವಂತಿಲ್ಲ. ಸೂಕ್ಷ್ಮದರ್ಶಕ ಬದಲಾದರೂ ಎಣಿಕೆ ಬದಲಾಗುತ್ತದೆ: ಕಣ್ಣಿನ ಮಸೂರದ ಫೀಲ್ಡ್ ಅಗಲವಾದಷ್ಟೂ ಒಂದೇ ನೋಟದಲ್ಲಿ ಹೆಚ್ಚು ಕಡ್ಡಿಗಳು ಸಿಗುತ್ತವೆ.

ಬಣ್ಣ ಸರಿಯಿದ್ದೂ ಗೊಂದಲವಾಗುವುದುಂಟು. ಲ್ಯಾಕ್ಟೋಬ್ಯಾಸಿಲಸ್ ಐನರ್ಸ್ ಎಂಬ ಜಾತಿ ತನ್ನ ಬಂಧುಗಳಿಗಿಂತ ಗಿಡ್ಡ, ನೇರಳೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಇಲ್ಲ. ಅದನ್ನು ಗಾರ್ಡ್ನೆರೆಲ್ಲಾ ಎಂದು ಎಣಿಸಿಬಿಡುವುದು ಸುಲಭ.

ನನ್ನ ಮಟ್ಟಿಗೆ 5 ಎಂಬ ಅಂಕಿ ಉತ್ತರವಲ್ಲ, ಮತ್ತೊಮ್ಮೆ ನೋಡಿ ಎಂಬ ಸೂಚನೆ. ಕಂಟ್ರೋಲ್ ಸರಿಯಿತ್ತೇ ಎಂದು ನೋಡಿ, ಮೊದಲ ಅಂಕಿ ತಿಳಿಯದ ಇನ್ನೊಬ್ಬರಿಂದ ಎಣಿಸಬೇಕು. ಅದಕ್ಕೇ ಸ್ವಾಬ್ ತೆಗೆದಾಗಲೇ ಎರಡು ಸ್ಲೈಡ್ ಮಾಡಿಟ್ಟರೆ ಅನುಕೂಲ. ಅಷ್ಟಾಗಿಯೂ 5 ಬಂದರೆ ವೈದ್ಯರು ರೋಗಿಯ ಕಡೆಗೇ ತಿರುಗಬೇಕು: ತೆಳುವಾದ ಏಕರೂಪದ ಸ್ರಾವವಿದೆಯೇ, ಪಿಎಚ್ 4.5 ದಾಟಿದೆಯೇ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿದ್ದಾಗ ಮೀನಿನ ವಾಸನೆ ಬರುತ್ತದೆಯೇ, ಬ್ಯಾಕ್ಟೀರಿಯಾ ಮೆತ್ತಿಕೊಂಡು ಅಂಚು ಮಸುಕಾದ ಜೀವಕೋಶಗಳಿವೆಯೇ. 1983ರಿಂದ ಬಳಕೆಯಲ್ಲಿರುವ ಆಮ್ಸೆಲ್ ಮಾನದಂಡಗಳಿವು. ನಾಲ್ಕರಲ್ಲಿ ಮೂರಿದ್ದರೆ ವಜೈನೋಸಿಸ್. ತೊಂದರೆಯೇ ಇಲ್ಲದ ಮಹಿಳೆಗೆ ಬರೀ ಈ 5ನ್ನು ನೋಡಿ ಮೆಟ್ರೋನಿಡಜೋಲ್ ಬರೆಯಲು ಕಾರಣವಿಲ್ಲ.