ಧ್ವನಿಪರೀಕ್ಷೆಯ ಅಂಕಪಟ್ಟಿ: ಒಂದು ತಪ್ಪಿಗೆ ನಾಲ್ಕು ದಂಡ

ಆಕಾಶವಾಣಿಗೆ ಉದ್ಘೋಷಕರನ್ನು ಆರಿಸುವಾಗ ಲಿಖಿತ ಪರೀಕ್ಷೆಯ ಜೊತೆಗೆ ಧ್ವನಿಪರೀಕ್ಷೆಯೂ ಇರುತ್ತದೆ. ಬೋಧನಾಭ್ಯಾಸಕ್ಕೆಂದು ಹೊಸಹಳ್ಳಿಗೆ ಹೋಗಿದ್ದಾಗ, ಒಂಬತ್ತನೇ ತರಗತಿಯ ಶಬ್ದದ ಪಾಠದ ಚಟುವಟಿಕೆಯಾಗಿ ನಾನು ಅದರ ಚಿಕ್ಕ ರೂಪವೊಂದನ್ನು ನಡೆಸಿದೆ. ಹೊಸಪೇಟೆ ಆಕಾಶವಾಣಿಯ ಕೃಷಿ ಕಾರ್ಯಕ್ರಮದ ಧಾಟಿಯಲ್ಲಿ ನಾನೇ ಬರೆದ ಪ್ರಕಟಣೆಯನ್ನು ಮಕ್ಕಳು ಓದಿದರು, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ. ಸ್ಪಷ್ಟತೆ, ಉಚ್ಚಾರಣೆ, ಗತಿ, ಭಾವ ಇವಕ್ಕೆ ತಲಾ 5ರಂತೆ ಒಟ್ಟು 20 ಅಂಕ. ಹೆಚ್ಚು ಅಂಕ ಪಡೆದ ಇಬ್ಬರಿಗೆ ವಾರ್ಷಿಕೋತ್ಸವದ ನಿರೂಪಣೆ ಸಿಗಬೇಕಿತ್ತು. ಎರಡನೆಯ ಸ್ಥಾನ 12 ಅಂಕಕ್ಕೆ ನಿಂತಿತು.

ಒಬ್ಬ ಹುಡುಗಿಗೆ ನಾನು ಕ್ರಮವಾಗಿ 2, 2, 3, 2 ಕೊಟ್ಟು 9ಕ್ಕೆ ಇಳಿಸಿದ್ದೆ. ಸಂಜೆ ಕನ್ನಡ ವಿಷಯದ ಸಹಪಾಠಿಯೊಬ್ಬರಿಗೆ, ಓದಿದವರು ಯಾರೆಂದು ಹೇಳದೆ, ಅದೇ ಧ್ವನಿಮುದ್ರಣ ಕೇಳಿಸಿದೆ. ಅವರು ಕೊಟ್ಟದ್ದು 4, 2, 4, 3, ಅಂದರೆ 13. ನನ್ನ ಪಟ್ಟಿ ನೋಡಿ, "ಇದೇನ್ರೀ, ಒಂದೇ ತಪ್ಪಿಗೆ ನಾಲ್ಕು ಸಲ ದಂಡ ಹಾಕೀರಲ್ಲ" ಎಂದರು.

ನಿಜವೇ. ಆಕೆ ಮೊದಲ ಸಾಲಿನಲ್ಲೇ 'ಸಹಾಯಧನ'ವನ್ನು 'ಸಹಾಯದನ' ಎಂದಿದ್ದಳು. ಮುಂದೆ 'ಭತ್ತ' 'ಬತ್ತ'ವಾಯಿತು, 'ಶೇಂಗಾ ಬೆಳೆ' ಒಮ್ಮೆ 'ಶೇಂಗಾ ಬೆಲೆ'ಯಾಯಿತು. ಮೂರೂ ಉಚ್ಚಾರಣೆಯ ತಪ್ಪುಗಳು. ಅಲ್ಲಿಂದ ಮುಂದೆ ನಾನು ಅವಳ ಸ್ಪಷ್ಟತೆಯನ್ನಾಗಲಿ ಗತಿಯನ್ನಾಗಲಿ ಕೇಳಿರಲೇ ಇಲ್ಲ, 'ಚೆನ್ನಾಗಿಲ್ಲ' ಎಂಬ ಒಂದೇ ಅಭಿಪ್ರಾಯವನ್ನು ನಾಲ್ಕು ಕಾಲಂಗೆ ಹಂಚಿದ್ದೆ. ನಮ್ಮ ಮೌಲ್ಯಮಾಪನದ ಪಠ್ಯ ಇದನ್ನು ಪ್ರಭಾವಲಯ ದೋಷ ಎನ್ನುತ್ತದೆ. ಪರೀಕ್ಷೆಗೆ ಬರೆದಿದ್ದೆ, ಕೈಯಲ್ಲಿ ಪಟ್ಟಿ ಹಿಡಿದಾಗ ನೆನಪಾಗಲಿಲ್ಲ.

ಮರುದಿನ ಇಬ್ಬರೂ ಕೂತು ಧ್ವನಿಮುದ್ರಣವನ್ನು ನಾಲ್ಕು ಸಲ ಕೇಳಿದೆವು, ಒಂದು ಸಲಕ್ಕೆ ಒಂದೇ ಕಾಲಂ. ಸ್ಪಷ್ಟತೆಗೆ ಉಕ್ತಲೇಖನದ ದಾರಿ ಹಿಡಿದೆವು. ಕನ್ನಡದಲ್ಲಿ ಹೌದು ಅಲ್ಲಗಳು ಕ್ರಿಯಾಪದದ ತುದಿಯಲ್ಲಿರುತ್ತವೆ. 'ವಿತರಿಸಲಾಗುವುದು' ಎಂಬುದಕ್ಕೂ 'ವಿತರಿಸಲಾಗುವುದಿಲ್ಲ' ಎಂಬುದಕ್ಕೂ ಇರುವ ಅಂತರ ಕೊನೆಯ ಎರಡು ಅಕ್ಷರ, ಓದುವವರ ಉಸಿರು ಸೋಲುವುದೂ ಅಲ್ಲಿಯೇ. ರೈತ ಬೀಜಕ್ಕೆಂದು ಬಸ್ಸು ಹತ್ತಬೇಕೋ ಬೇಡವೋ ಎಂಬುದು ಆ ಎರಡು ಅಕ್ಷರದ ಮೇಲೆ ನಿಂತಿದೆ. ಹಾಗಾಗಿ ಪ್ರಕಟಣೆಯನ್ನು ಮೊದಲು ನೋಡಿರದ ಇನ್ನೊಬ್ಬ ಪ್ರಶಿಕ್ಷಣಾರ್ಥಿಗೆ ಎಂಟು ವಾಕ್ಯಗಳ ಕೊನೆಯ ಪದ ಮಾತ್ರ ಬರೆಯಲು ಹೇಳಿದೆವು. ಏಳು ಸರಿಯಿದ್ದವು. ಸ್ಪಷ್ಟತೆಗೆ 4 ಬಂತು. ತಪ್ಪಿದ ಒಂದರಲ್ಲಿ ಮೊಬೈಲು ಬಾಯಿಗೆ ತೀರ ಹತ್ತಿರವಿದ್ದು 'ಫ' ಅಕ್ಷರದ ಗಾಳಿ ನೇರವಾಗಿ ಬಡಿದಿತ್ತೇ ಎಂಬ ಅನುಮಾನ ಉಳಿಯಿತು. ಮೈಕು ಒಂದು ಗೇಣು ದೂರದಲ್ಲಿ, ಬಾಯಿಯ ನೇರಕ್ಕಲ್ಲದೆ ತುಸು ಪಕ್ಕಕ್ಕೆ ಇರಬೇಕು. ಅದನ್ನು ನೋಡಿಕೊಳ್ಳಬೇಕಾದವಳು ಪರೀಕ್ಷೆ ನಡೆಸಿದ ನಾನು.

ಉಚ್ಚಾರಣೆಯಲ್ಲಿ ನಮ್ಮಿಬ್ಬರಿಗೆ ವಾದವೇ ಆಯಿತು. ಅವರ ಪ್ರಕಾರ ಮೂರೂ ತಪ್ಪು, ಅದಕ್ಕೇ 2. ನಾನು ಕೇಳಿದ್ದು, ಕೇಳುಗನಿಗೆ ಅರ್ಥ ಬದಲಾಯಿತೇ ಎಂದು. ಬೆಳೆ ಬೆಲೆಯಾದರೆ ಸುದ್ದಿಯೇ ಬೇರೆ, ಧನ ದನವಾದರೆ ನಗು. 'ಬತ್ತ' ಹಾಗಲ್ಲ, ನಿಘಂಟಿನಲ್ಲೂ ಇರುವ ರೂಪ ಅದು, ಕೇಳಿದ ಯಾರೂ ಬೇರೆ ಧಾನ್ಯವೆಂದು ತಿಳಿಯುವುದಿಲ್ಲ. ಊರಿನ ಮಾತಿನ ಛಾಯೆಗೆಲ್ಲ ಅಂಕ ಕಳೆಯುತ್ತ ಹೋದರೆ ಕೂಡ್ಲಿಗಿ ಕಡೆಯ ಮಗು ಬಾಯಿ ತೆರೆಯುವ ಮೊದಲೇ ಸೋತಿರುತ್ತದೆ. ನಾನು 3 ಕೊಟ್ಟೆ. ಅವರು 2ನ್ನು ಬಿಡಲಿಲ್ಲ.

ಗತಿಗೆ ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷ್ ಲೆಕ್ಕ ನಮಗೆ ಹೊಂದುವುದಿಲ್ಲ, 'ವಿತರಿಸಲಾಗುವುದಿಲ್ಲ' ಎಂಬ ಒಂದೇ ಪದಕ್ಕೆ ಒಂಬತ್ತು ಅಕ್ಷರ. ವೇಗಕ್ಕಿಂತ ನಿಲ್ಲುವ ಜಾಗ ಮುಖ್ಯ. 'ಮಳೆ ಬಂದರೆ, ನಾಳೆ ಬಿತ್ತನೆ' ಎಂದು ಓದಬೇಕಾದ್ದನ್ನು 'ಮಳೆ ಬಂದರೆ ನಾಳೆ, ಬಿತ್ತನೆ' ಎಂದರೆ ನಾಳೆ ಎಂಬುದು ಮಳೆಗೆ ಅಂಟುತ್ತದೆ. ಆಕೆ ಒಂದೇ ಕಡೆ ತಪ್ಪು ಜಾಗದಲ್ಲಿ ನಿಂತಿದ್ದಳು, 4.

ಭಾವದ ಕಾಲಂ ಕೊನೆಗೂ ಸರಿಹೋಗಲಿಲ್ಲ. ಒಂದು ಸಂತಾಪ ಸೂಚನೆ, ಅದರ ಬೆನ್ನಿಗೇ ಕೊಟ್ಟೂರು ರಥೋತ್ಸವದ ಪ್ರಕಟಣೆ ಕೊಟ್ಟಿದ್ದೆ. ನಾವು ನೋಡಬೇಕಾದ್ದು ಅಳುವ ದನಿಯನ್ನಲ್ಲ, ಒಂದರಿಂದ ಇನ್ನೊಂದಕ್ಕೆ ದನಿ ಹೊರಳುತ್ತದೆಯೇ ಎಂಬುದನ್ನು. ಸಂತಾಪವನ್ನು ತಗ್ಗಿಸಿ ಓದಿದವಳು ತೇರಿನ ಸುದ್ದಿಯನ್ನೂ ಅದೇ ದನಿಯಲ್ಲಿ ಶುರುಮಾಡಿ, ಎರಡನೆಯ ವಾಕ್ಯದಲ್ಲಿ ಮೇಲೆದ್ದಳು. ಸಹಪಾಠಿ ಅದಕ್ಕೆ 3 ಎಂದರು, ನಾನು 2.

ನನ್ನ ಹೊಸ ಮೊತ್ತವೂ 13 ಆಯಿತು. ಇಬ್ಬರ ಒಳಅಂಕಗಳು ಬೇರೆ, ಮೊತ್ತ ಒಂದೇ, ಆದ್ದರಿಂದ ಮೊತ್ತವನ್ನಷ್ಟೇ ಹೋಲಿಸಿದ್ದರೆ ನಮ್ಮ ಭಿನ್ನಮತ ಕಾಣುತ್ತಲೇ ಇರಲಿಲ್ಲ. ಉಳಿದ ಮಕ್ಕಳ ಧ್ವನಿಮುದ್ರಣಗಳನ್ನೂ ಹೆಸರು ಮುಚ್ಚಿ, ಕಾಲಂ ಕಾಲಂ ಆಗಿ ಮತ್ತೆ ಕೇಳಿದೆವು. ಹಲಗೆಗೆ ಹಚ್ಚಿದ್ದ ಪಟ್ಟಿಯಲ್ಲಿ ಎರಡನೆಯ ಹೆಸರು ಬದಲಾಯಿತು. ಆ ಜಾಗ ಕಳೆದುಕೊಂಡ ಹುಡುಗನಿಗೆ ಕಾರಣ ಹೇಳಲು ಎರಡೂ ಧ್ವನಿಮುದ್ರಣಗಳನ್ನು ಅವನಿಗೇ ಕೇಳಿಸಿದೆ. ಅವನು ಮೊದಲು ಗುರುತಿಸಿದ್ದು ತನ್ನ ವಾಕ್ಯಗಳ ತುದಿ ನುಂಗಿಹೋಗಿದ್ದನ್ನು.