ಪತ್ರೊಡೆಯ ವಾರಕ್ಕೆ ಏಳು ಕ್ಯಾಪ್ಷನ್

ಆಟಿ ತಿಂಗಳು ಬಂತೆಂದರೆ ಡೊಂಬಿವಲಿ, ಕಲ್ಯಾಣ, ಠಾಣೆಯ ತುಳು-ಕನ್ನಡದ ಮನೆಗಳಲ್ಲಿ ಪತ್ರೊಡೆಯ ಮಾತು ಶುರುವಾಗುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೆಸುವಿನ ಎಲೆ ಮಾರುಕಟ್ಟೆಯಲ್ಲಿ ಧಾರಾಳ. ಮರಾಠಿ ನೆರೆಹೊರೆಯವರು ಅದನ್ನೇ ಅಳೂ ಎಂದು ಕೊಂಡು ಅಳೂವಡಿ ಮಾಡುತ್ತಾರೆ. ಮನೆಯಲ್ಲಿ ತಿಂಡಿ ಮಾಡಿ ಮಾರುವ ಹೆಂಗಸರಿಗೆ ಇದು ಸುಗ್ಗಿಯ ಕಾಲ. ಆದರೆ ಅವರ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ, ಇನ್‌ಸ್ಟಾಗ್ರಾಂ ಪುಟದಲ್ಲಿ ಸೋಮವಾರದಿಂದ ಭಾನುವಾರದವರೆಗೆ ಕಾಣುವುದು ಹೆಚ್ಚುಕಡಿಮೆ ಒಂದೇ ಸಾಲು: ‘ರುಚಿರುಚಿಯಾದ ಪತ್ರೊಡೆ, ಇಂದೇ ಆರ್ಡರ್ ಮಾಡಿ’. ಫೋಟೊ ಬದಲಾಗುತ್ತದೆ, ಹೂವಿನ ಚಿಹ್ನೆ ಬದಲಾಗುತ್ತದೆ, ಕೇಳುವ ಮಾತು ಮಾತ್ರ ಬದಲಾಗುವುದಿಲ್ಲ.

ಇದರಿಂದ ಏನಾಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಸಾಕಷ್ಟು ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ಒಂದು ವಸ್ತುವನ್ನು ಪದೇ ಪದೇ ಕಂಡರೆ ಅದರ ಮೇಲೆ ಒಲವು ಹೆಚ್ಚುತ್ತದೆ ಎಂದು ರಾಬರ್ಟ್ ಝಾಯಂಟ್ಸ್ 1968ರಲ್ಲಿ ತೋರಿಸಿದರು. ದಿನವೂ ಅದೇ ಜಾಹೀರಾತು ಹಾಕುವವರ ಧೈರ್ಯಕ್ಕೆ ಇದು ಆಧಾರ ಎನಿಸಬಹುದು. ಆದರೆ ವಾದ ಹೂಡುವ ಸಂದೇಶಗಳ ಕಥೆ ಬೇರೆ. 1979ರಲ್ಲಿ ಜಾನ್ ಕಾಚಿಯೊಪ್ಪೊ ಮತ್ತು ರಿಚರ್ಡ್ ಪೆಟ್ಟಿ ಒಂದೇ ಸಂದೇಶವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ ಮೂರು ಸಲ, ಕೆಲವರಿಗೆ ಐದು ಸಲ ಕೇಳಿಸಿದರು. ಮೂರು ಸಲ ಕೇಳಿದವರು ಒಂದು ಸಲ ಕೇಳಿದವರಿಗಿಂತ ಹೆಚ್ಚು ಒಪ್ಪಿದರು. ಐದು ಸಲ ಕೇಳಿದವರಲ್ಲಿ ಒಪ್ಪಿಗೆ ಮತ್ತೆ ಇಳಿಯಿತು. ಮಾತು ಅರ್ಥವಾಗುವವರೆಗೆ ಪುನರಾವರ್ತನೆ ನೆರವಾಗುತ್ತದೆ, ಅರ್ಥವಾದ ಮೇಲೆ ಬೇಸರ ಹುಟ್ಟುತ್ತದೆ, ಬೇಸರದ ಜೊತೆಗೆ ‘ಇದೇನು ಮಹಾ’ ಎಂಬ ಪ್ರತಿವಾದವೂ ಹುಟ್ಟುತ್ತದೆ.

ಹಾಗಾದರೆ ಬದಲಾವಣೆ ಮಾಡಬೇಕು, ಸರಿ. ಎಂಥ ಬದಲಾವಣೆ? ಡೇವಿಡ್ ಶೂಮನ್, ಪೆಟ್ಟಿ ಮತ್ತು ಅವರ ಜೊತೆಗಾರರು 1990ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಹಿಡಿಯಿತು. ಚಿತ್ರ, ಬಣ್ಣ, ಅಕ್ಷರವಿನ್ಯಾಸ ಬದಲಿಸುವುದು ಒಂದು ಬಗೆ; ಹೇಳುವ ವಿಷಯವನ್ನೇ ಬದಲಿಸುವುದು ಇನ್ನೊಂದು. ಕೊಳ್ಳುವ ಯೋಚನೆಯೇ ಇಲ್ಲದೆ ಸುಮ್ಮನೆ ಕಣ್ಣಾಡಿಸುವವರ ಮೇಲೆ ಮೊದಲನೆಯದು ಕೆಲಸ ಮಾಡಿತು. ನಿಜವಾಗಿ ಕೊಳ್ಳುವ ವಿಚಾರದಲ್ಲಿದ್ದು ಗಮನವಿಟ್ಟು ಓದುವವರ ಮೇಲೆ ಎರಡನೆಯದು ಕೆಲಸ ಮಾಡಿತು. ಮನೆತಿಂಡಿ ಮಾರುವವರ ಪಟ್ಟಿಯಲ್ಲಿರುವವರು ಹೆಚ್ಚಾಗಿ ಪರಿಚಿತರು, ಪರಿಚಿತರ ಪರಿಚಿತರು. ಅವರು ಯೋಚಿಸಿಯೇ ಕೊಳ್ಳುತ್ತಾರೆ. ಆದ್ದರಿಂದ ವಾರದ ಕ್ಯಾಲೆಂಡರಿನಲ್ಲಿ ಮೊದಲು ಬದಲಾಗಬೇಕಾದದ್ದು ಫೋಟೊ ಅಲ್ಲ, ಆ ದಿನದ ಸಾಲು ಮಾಡಬೇಕಾದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಡೊಂಬಿವಲಿ ಪೂರ್ವದಲ್ಲಿ ಇಂಥ ಒಂದು ಅಡುಗೆಮನೆ ಇದೆ ಎಂದಿಟ್ಟುಕೊಳ್ಳೋಣ. ಭಾನುವಾರ ಬೆಳಿಗ್ಗೆ ಪತ್ರೊಡೆ ತಲುಪಿಸಬೇಕು. ಹಬೆಪಾತ್ರೆಯಲ್ಲಿ ಒಂದು ಸಲಕ್ಕೆ ಹತ್ತು ಸುರುಳಿ ಹಿಡಿಸುತ್ತದೆ, ಒಂದು ಸುತ್ತು ಬೇಯಲು ಸುಮಾರು ಒಂದು ಗಂಟೆ. ಶನಿವಾರ ಸಂಜೆ ನಾಲ್ಕು ಸುತ್ತು ಇಟ್ಟರೆ 40 ಸುರುಳಿ. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಅಕ್ಕಿ ನೆನೆಹಾಕುವುದು, ಎಲೆ ಕೊಳ್ಳುವುದು ಶನಿವಾರ ಬೆಳಿಗ್ಗೆ. ಎಷ್ಟು ಎಲೆ ಬೇಕೆಂದು ಶುಕ್ರವಾರ ರಾತ್ರಿಯೇ ಗೊತ್ತಿರಬೇಕು. ಹೀಗಾಗಿ ಆರ್ಡರ್ ಮುಚ್ಚುವ ಸಮಯ ಶುಕ್ರವಾರ ರಾತ್ರಿ 9 ಗಂಟೆ. ಕ್ಯಾಲೆಂಡರಿನ ಮೊದಲ ಗುರುತು ಇದೇ. ಆರ್ಡರ್ ಕೇಳುವ ಮುಖ್ಯ ಕ್ಯಾಪ್ಷನ್ ಇದಕ್ಕಿಂತ ಒಂದು ದಿನ ಮುಂಚೆ, ಅಂದರೆ ಗುರುವಾರ ರಾತ್ರಿ. ಬುಧವಾರ, ಮಂಗಳವಾರದವು ಆ ಗುರುವಾರಕ್ಕೆ ದಾರಿ ಮಾಡಿಕೊಡಬೇಕು.

ಮಂಗಳವಾರದ ಕೆಲಸ ಒಂದು ಅನುಮಾನವನ್ನು ಪರಿಹರಿಸುವುದು. ಪತ್ರೊಡೆಯ ವಿಷಯದಲ್ಲಿ ಆ ಅನುಮಾನ ಯಾವುದೆಂದು ಎಲ್ಲರಿಗೂ ಗೊತ್ತು: ಗಂಟಲು ತುರಿಸುತ್ತದೆಯೇ? ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಸರಿಯಾಗಿ ಬೇಯದಿದ್ದರೆ ಅವು ಬಾಯಿ-ಗಂಟಲನ್ನು ಚುಚ್ಚುತ್ತವೆ. ಹಿಟ್ಟಿಗೆ ಹುಣಸೆ ಧಾರಾಳ ಹಾಕುವುದು, ಹಬೆಯಲ್ಲಿ ಹೆಚ್ಚು ಹೊತ್ತು ಬೇಯಿಸುವುದು ಅದಕ್ಕಾಗಿಯೇ. ಕ್ಯಾಪ್ಷನ್ ಹೀಗಿರಬಹುದು: ‘ಕೆಸುವಿನ ಎಲೆ ಯಾಕೆ ತುರಿಸುತ್ತದೆ? ಎಲೆಯೊಳಗಿನ ಸೂಜಿ ಹರಳುಗಳಿಂದ. ನಮ್ಮ ಪತ್ರೊಡೆಗೆ ಎಳೆಯ ಎಲೆ, ಸಾಕಷ್ಟು ಹುಣಸೆ, ಪೂರ್ತಿ ಒಂದು ಗಂಟೆ ಹಬೆ.’ ಇಷ್ಟೇ. ಬೆಲೆ ಇಲ್ಲ, ‘ಆರ್ಡರ್ ಮಾಡಿ’ ಇಲ್ಲ. ಅದನ್ನು ಸೇರಿಸಿದ ಕೂಡಲೇ ತಿಳಿವಳಿಕೆಯ ಮಾತು ಮಾರಾಟದ ಮಾತಾಗುತ್ತದೆ, ಓದುಗರು ಎರಡನ್ನೂ ದಾಟಿ ಹೋಗುತ್ತಾರೆ. ಈ ದಿನದ ದೊಡ್ಡ ಅಪಾಯ ಉತ್ಸಾಹದಲ್ಲಿ ಗೆರೆ ಮೀರುವುದು. ಆಟಿಯಲ್ಲಿ ತಿಂದರೆ ಆ ರೋಗ ಗುಣ, ಈ ರೋಗ ಮಾಯ ಎಂದು ಬರೆಯುವುದು ಸುಲಭ. ಆಹಾರವು ರೋಗ ವಾಸಿ ಮಾಡುತ್ತದೆ ಎಂದು ಪ್ರಚಾರ ಮಾಡಲು ಎಫ್‌ಎಸ್‌ಎಸ್‌ಎಐ 2018ರಲ್ಲಿ ತಂದ ಜಾಹೀರಾತು ನಿಯಮಗಳು ಬಿಡುವುದಿಲ್ಲ. ಮನೆಯಿಂದ ಮಾರುವವರಿಗೂ ಆ ನಿಯಮ ಅನ್ವಯಿಸುತ್ತದೆ.

ಬುಧವಾರ ಕೇಳುವ ದಿನ. ‘ಪತ್ರೊಡೆ ನಿಮಗೆ ಹೇಗೆ ಇಷ್ಟ? ಬಿಲ್ಲೆ ಮಾಡಿ ತೆಂಗಿನೆಣ್ಣೆ ಹಾಕಿಯೋ, ಪುಡಿ ಮಾಡಿ ಒಗ್ಗರಣೆ ಕೊಟ್ಟೋ?’ ಉತ್ತರ ಒಂದೇ ಪದದಲ್ಲಿ ಬರುವಂಥ ಪ್ರಶ್ನೆ ಇದು. ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದರೆ ಯಾರೂ ತಿಳಿಸುವುದಿಲ್ಲ, ಯಾಕೆಂದರೆ ಯೋಚಿಸಿ ಬರೆಯಬೇಕಾಗುತ್ತದೆ. ಬಂದ ಉತ್ತರಗಳು ಗುರುವಾರಕ್ಕೆ ಸರಕು. ಒಗ್ಗರಣೆಯವರೇ ಹೆಚ್ಚು ಎಂದು ಕಂಡರೆ ಗುರುವಾರದ ಫೋಟೊದಲ್ಲಿ ಒಗ್ಗರಣೆಯ ಬಾಣಲೆ ಇರಲಿ.

ಗುರುವಾರದ ಸಾಲನ್ನು ಎಷ್ಟು ಗಂಟೆಗೆ ಹಾಕಬೇಕು? ಸಂಜೆ ಆರೂವರೆಗೆ ಎಲ್ಲರ ಕೈಯಲ್ಲೂ ಫೋನ್ ಇರುತ್ತದೆ ಎಂಬುದು ನಿಜ. ಆದರೆ ಆ ಹೊತ್ತಿನ ಕಲ್ಯಾಣ ಲೋಕಲಿನಲ್ಲಿ ಒಂದು ಕೈ ಹಿಡಿಕೆಯಲ್ಲಿ, ಮೈ ಜನರ ನಡುವೆ. ನೋಡಬಹುದು, ಮನೆಯವರನ್ನು ಕೇಳಿ ಎಷ್ಟು ಸುರುಳಿ ಎಂದು ಟೈಪ್ ಮಾಡುವುದಾಗುವುದಿಲ್ಲ. ಊಟ ಮುಗಿದು ಮನೆಮಂದಿ ಒಟ್ಟಿಗಿರುವ ರಾತ್ರಿ ಒಂಬತ್ತರ ಹೊತ್ತು ಇದಕ್ಕೆ ಮೇಲು. ಸಾಲು ಹೀಗಿರಲಿ:

‘ಈ ಭಾನುವಾರ ಪತ್ರೊಡೆ, 40 ಸುರುಳಿ ಮಾತ್ರ. ಸುರುಳಿಗೆ ₹120. ಆರ್ಡರ್ ಶುಕ್ರವಾರ ರಾತ್ರಿ 9ರವರೆಗೆ. ಡೊಂಬಿವಲಿ, ಕಲ್ಯಾಣ ಮನೆಗೆ. ಠಾಣೆ, ನೆರೂಲ್ ಸ್ಟೇಷನ್ನಿನಲ್ಲಿ. ಎಷ್ಟು ಬೇಕೆಂದು ವಾಟ್ಸ್‌ಆ್ಯಪ್ ಮಾಡಿ.’

ಏನು, ಎಷ್ಟು, ಬೆಲೆ, ಗಡುವು, ಎಲ್ಲಿ, ಹೇಗೆ ಎಲ್ಲವೂ ಆರಂಭದಲ್ಲೇ ಬಂದಿದೆ. ಇನ್‌ಸ್ಟಾಗ್ರಾಂ ಕ್ಯಾಪ್ಷನ್ನಿಗೆ 2,200 ಅಕ್ಷರ ಬಿಡುತ್ತದೆ, ಆದರೆ ಫೀಡಿನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ತೋರಿಸಿ ಉಳಿದುದನ್ನು ಮಡಚಿಡುತ್ತದೆ. ಕನ್ನಡದಲ್ಲಿ ಬರೆಯುವವರು ಇನ್ನೊಂದು ವಿಷಯ ನೆನಪಿಡಬೇಕು. ‘ಪತ್ರೊಡೆ’ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ: ಪ, ತ, ವಿರಾಮ, ರ, ಒಕಾರ, ಡ, ಎಕಾರ. ಇಂಗ್ಲಿಷಿಗೆಂದು ಹೇಳಿದ ಅಳತೆಗಳನ್ನು ನಂಬದೆ, ಪೋಸ್ಟನ್ನು ಇನ್ನೊಬ್ಬರ ಫೋನಿನಲ್ಲಿ ತೆರೆದು ಮಡಿಕೆ ಎಲ್ಲಿ ಬೀಳುತ್ತದೆ ನೋಡಬೇಕು. ಬೆಲೆ ಬರೆದಿದ್ದರೂ ‘ಎಷ್ಟು ರೇಟು’ ಎಂದು ನಾಲ್ಕು ಜನ ಕೇಳಿದರೆ ಬೆಲೆ ಮಡಿಕೆಯೊಳಗೆ ಸೇರಿಹೋಗಿದೆ ಎಂದು ತಿಳಿಯಿರಿ.

ಶುಕ್ರವಾರಕ್ಕೆ ಅದೇ ಮಾತನ್ನು ಮತ್ತೆ ಹಾಕುವ ಅಗತ್ಯವಿಲ್ಲ. ‘ಇನ್ನು 11 ಸುರುಳಿ ಉಳಿದಿವೆ’ ಎಂಬುದು ಹೊಸ ಸುದ್ದಿ, ನಿಜವಾಗಿದ್ದರೆ ಮಾತ್ರ. ರಾತ್ರಿ ಒಂಬತ್ತಕ್ಕೆ ‘ಈ ವಾರದ ಆರ್ಡರ್ ಮುಗಿದಿದೆ’ ಎಂದು ಹಾಕಿ. ಗಡುವು ಮೀರಿದವರಿಗೆ ಹೇಗೋ ಹೊಂದಿಸಿ ಕೊಟ್ಟರೆ ಮುಂದಿನ ವಾರ ಗಡುವಿಗೆ ಬೆಲೆಯಿರುವುದಿಲ್ಲ.

ಶನಿವಾರ ಎಲೆ ತೊಳೆಯುವ, ಹಿಟ್ಟು ಸವರುವ ಒಂದು ಫೋಟೊ ಸಾಕು. ಅದರ ಜೊತೆಗೆ ಈ ಊರುಗಳಲ್ಲಿ ಬಿಡಬಾರದ ಒಂದು ವಿಷಯವಿದೆ: ಮೆಗಾಬ್ಲಾಕ್. ಹಳಿ ರಿಪೇರಿಗಾಗಿ ರೈಲ್ವೆ ಭಾನುವಾರ ಹಗಲಿನಲ್ಲಿ ಕೆಲವು ಮಾರ್ಗಗಳ ಸಂಚಾರ ನಿಲ್ಲಿಸುವುದು ಇಲ್ಲಿನವರಿಗೆ ಹೊಸದಲ್ಲ. ಡೊಂಬಿವಲಿಯಿಂದ ನೆರೂಲಿಗೆ ಡಬ್ಬಿ ಹೋಗಬೇಕಾದರೆ ಠಾಣೆಯಲ್ಲಿಳಿದು ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿಯಬೇಕು. ಎರಡರಲ್ಲಿ ಒಂದು ಮಾರ್ಗ ನಿಂತರೂ ಲೆಕ್ಕ ತಪ್ಪುತ್ತದೆ. ಪ್ರಕಟಣೆ ನೋಡಿದ ಮೇಲೆ ಶನಿವಾರ ಸಂಜೆಯೇ ‘ನೆರೂಲಿನವರಿಗೆ ಬೆಳಿಗ್ಗೆ 9ಕ್ಕೆ’ ಎಂದು ಬರೆಯಬೇಕು. ಆದ್ದರಿಂದ ಈ ಒಂದು ಜಾಗವನ್ನು ಕ್ಯಾಲೆಂಡರಿನಲ್ಲಿ ಖಾಲಿ ಬಿಡಿ. ಉಳಿದವನ್ನು ಮೊದಲೇ ಶೆಡ್ಯೂಲ್ ಮಾಡಿಡುವವರೂ ಮಳೆಯ ಮುನ್ಸೂಚನೆ ನೋಡುತ್ತಿರಬೇಕು. 2005ರ ಜುಲೈ 26 ಕಂಡ ಊರುಗಳಿವು. ಹಳಿ ಮುಳುಗಿ ಜನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಸಂಜೆ ‘ಬಿಸಿಬಿಸಿ ಪತ್ರೊಡೆ ಬೇಕೇ’ ಎಂಬ ಸಾಲು ತಾನಾಗಿ ಹೊರಟರೆ ಅದು ನೋಯಿಸುತ್ತದೆ.

ಭಾನುವಾರ ತಲುಪಿಸುವ ಮಾಹಿತಿ ಮತ್ತು ಮತ್ತೆ ಬಿಸಿ ಮಾಡುವ ಬಗೆ. ಸೋಮವಾರ ತಿಂದವರ ಮಾತು, ಅವರ ಅನುಮತಿ ಕೇಳಿ.

ಕೊನೆಗೆ ಲೆಕ್ಕ. ಬಹಳ ಜನ ಲೈಕ್ ಎಣಿಸುತ್ತಾರೆ; ಅದು ಬುಧವಾರದ ಸಾಲಿಗೆ ಸರಿ, ಗುರುವಾರದ ಸಾಲಿಗೆ ಆರ್ಡರ್ ಎಣಿಸಬೇಕು, ಮಂಗಳವಾರದ್ದಕ್ಕೆ ಎಷ್ಟು ಜನ ಅದನ್ನು ಇನ್ನೊಬ್ಬರಿಗೆ ಕಳಿಸಿದರು ಎಂದು ನೋಡಬೇಕು. ಬ್ರಾಡ್‌ಕಾಸ್ಟ್ ಕಳಿಸಿಯೂ ಉತ್ತರವೇ ಬಾರದಿದ್ದರೆ ಸಾಲನ್ನು ದೂರುವ ಮೊದಲು, ಅವರ ಫೋನಿನಲ್ಲಿ ನಿಮ್ಮ ನಂಬರ್ ಇದೆಯೇ ಎಂದು ಕೇಳಿ ನೋಡಿ: ನಿಮ್ಮ ನಂಬರ್ ಸೇವ್ ಮಾಡಿಕೊಂಡಿಲ್ಲದವರಿಗೆ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ತಲುಪುವುದೇ ಇಲ್ಲ.

ಸಂಖ್ಯೆ ಚಿಕ್ಕದಿದ್ದಾಗ ಇನ್ನೂ ಒಂದು ಎಚ್ಚರ ಬೇಕು. ವಾರಕ್ಕೆ ಸರಾಸರಿ 16 ಆರ್ಡರ್ ಬರುವಲ್ಲಿ ಯಾವ ಕಾರಣವೂ ಇಲ್ಲದೆ, ಬರೀ ಆಕಸ್ಮಿಕವಾಗಿ ಆಗುವ ಏರಿಳಿತ ಸುಮಾರು ಅದರ ವರ್ಗಮೂಲದಷ್ಟು, ಅಂದರೆ ನಾಲ್ಕು. ಒಂದು ವಾರ 13, ಮುಂದಿನ ವಾರ 19 ಬಂದರೆ ಹೊಸ ಕ್ಯಾಪ್ಷನ್ ಗೆದ್ದಿತು ಎನ್ನಲಾಗದು. ಅದು ಯಾರ ಮನೆಗೆ ನೆಂಟರು ಬಂದರು ಎಂಬುದರ ಮೇಲೂ ನಿಂತಿರಬಹುದು. ಹಳೆಯ ಕ್ರಮದ ನಾಲ್ಕು ವಾರಗಳ ಮೊತ್ತವನ್ನು ಹೊಸ ಕ್ರಮದ ನಾಲ್ಕು ವಾರಗಳ ಮೊತ್ತದ ಎದುರಿಗಿಟ್ಟರೆ ಚಿತ್ರ ಸ್ವಲ್ಪ ಸ್ಪಷ್ಟವಾಗುತ್ತದೆ. ಆದರೆ ಆಟಿ ಇರುವುದೇ ಸುಮಾರು ನಾಲ್ಕು ವಾರ, ಆಮೇಲಿನದ್ದು ಬೇರೆ ಋತು, ಬೇರೆ ತಿಂಡಿ. ಆದ್ದರಿಂದ ಈ ವರ್ಷದ ಆರ್ಡರುಗಳನ್ನು ವಾರವಾರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಪಕ್ಕದಲ್ಲಿ ಆ ವಾರದ ಸಾಲುಗಳೂ ಇರಲಿ. ಹೋಲಿಸಬೇಕಾದದ್ದು ಮುಂದಿನ ಆಟಿಯ ಜೊತೆಗೆ.