ತಪ್ಪು ಖಾತೆಗೆ ಸಂದಾಯವಾದ ಹಣ: ಮರಳಿ ಪಡೆಯುವ ಮಾರ್ಗ ಮತ್ತು ಮಿತಿ

ಕೊಡಗಿನಲ್ಲಿ ಕಾಫಿ, ಕರಿಮೆಣಸು ಮತ್ತು ಏಲಕ್ಕಿಯ ವ್ಯಾಪಾರ ಬಹುಕಾಲ ನಗದು ಹಾಗೂ ಚೆಕ್ಕಿನ ಮೇಲೆಯೇ ನಡೆದುಬಂದಿತು. ಬೆಳೆಗಾರರ ಹೆಸರಿಗೆ ಬರೆದು ಅಡ್ಡಗೆರೆ ಹಾಕಿದ ಚೆಕ್ಕು ಬೇರೊಬ್ಬರ ಖಾತೆಗೆ ಜಮೆಯಾಗುವಂತಿರಲಿಲ್ಲ. ಹೆಸರನ್ನು ತಾಳೆ ನೋಡುವುದು ಬ್ಯಾಂಕಿನ ಹೊಣೆಯಾಗಿತ್ತು. 2004ರಲ್ಲಿ ಆರ್‌ಟಿಜಿಎಸ್ ಹಾಗೂ 2005ರಲ್ಲಿ ಎನ್‌ಇಎಫ್‌ಟಿ ವ್ಯವಸ್ಥೆಗಳು ಜಾರಿಗೆ ಬಂದ ನಂತರ ಪಾವತಿಯ ವೇಗ ಹೆಚ್ಚಿತು. ಆದರೆ ಚೆಕ್ಕಿನ ಕಾಲದ ನಂಬಿಕೆಯೊಂದು ವರ್ತಕರಲ್ಲಿ ಇಂದಿಗೂ ಉಳಿದಿದೆ. ಹೆಸರು ಸರಿಯಾಗಿ ಬರೆದಿದ್ದರೆ ಸಂಖ್ಯೆಯ ತಪ್ಪನ್ನು ಬ್ಯಾಂಕೇ ಹಿಡಿಯುತ್ತದೆ ಎಂಬುದೇ ಆ ನಂಬಿಕೆ. ವಾಸ್ತವ ಸ್ಥಿತಿ ಹಾಗಿಲ್ಲ.

ಸಂಖ್ಯೆಯೇ ಪ್ರಧಾನ

ಭಾರತೀಯ ರಿಸರ್ವ್ ಬ್ಯಾಂಕು 2010ರ ಅಕ್ಟೋಬರ್ 14ರಂದು ಹೊರಡಿಸಿದ ಸುತ್ತೋಲೆಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪಾವತಿ ಕೋರಿಕೆಯಲ್ಲಿ ಹಣ ಪಡೆಯುವವರ ಹೆಸರನ್ನು ಬರೆಯುವುದು ಕಡ್ಡಾಯ. ಆದರೆ ಹಣ ಜಮೆ ಮಾಡಲು ಖಾತೆ ಸಂಖ್ಯೆಯೊಂದನ್ನೇ ಆಧಾರವಾಗಿಟ್ಟುಕೊಳ್ಳಬಹುದು. ಸರಿಯಾದ ಸಂಖ್ಯೆ ಕೊಡುವ ಹೊಣೆ ಹಣ ಕಳುಹಿಸುವವರದು. ಶಾಖೆಯಲ್ಲಿ ಚೀಟಿ ತುಂಬಿ ಕೊಟ್ಟರೂ, ಅಂತರ್ಜಾಲದ ಮೂಲಕ ಕಳುಹಿಸಿದರೂ ಇದೇ ನಿಯಮ.

ಹೀಗಾಗಿ ತಪ್ಪು ಸಂಖ್ಯೆಯ ಪರಿಣಾಮ ಎರಡು ಬಗೆಯದು. ಆ ಸಂಖ್ಯೆಯ ಖಾತೆಯೇ ಇಲ್ಲದಿದ್ದರೆ ಆತಂಕಕ್ಕೆ ಕಾರಣವಿಲ್ಲ. ಎನ್‌ಇಎಫ್‌ಟಿಯಲ್ಲಿ ಅರ್ಧ ಗಂಟೆಗೊಂದು ತಂಡದಂತೆ ಹಣ ಇತ್ಯರ್ಥವಾಗುತ್ತದೆ. ಜಮೆ ಮಾಡಲಾಗದ ಹಣವನ್ನು ಸ್ವೀಕರಿಸುವ ಬ್ಯಾಂಕು ಆ ತಂಡದ ಇತ್ಯರ್ಥವಾದ ಎರಡು ಗಂಟೆಗಳೊಳಗೆ ಹಿಂದಿರುಗಿಸಬೇಕು. ತಡ ಮಾಡಿದರೆ ರೆಪೋ ದರದ ಮೇಲೆ ಶೇಕಡಾ 2ರಷ್ಟು ಹೆಚ್ಚಿನ ದರದಲ್ಲಿ ಬಡ್ಡಿ ಕೊಡಬೇಕು. ಐಎಫ್‌ಎಸ್‌ಸಿ ಸಂಕೇತದಲ್ಲಿ ಬೇರೆ ಬ್ಯಾಂಕಿನ ಹೆಸರು ಬಿದ್ದಾಗಲೂ ಸಾಮಾನ್ಯವಾಗಿ ಹೀಗೆಯೇ ಹಣ ಮರಳುತ್ತದೆ, ಏಕೆಂದರೆ ಆ ಸಂಖ್ಯೆ ಅಲ್ಲಿ ಸಿಗುವುದಿಲ್ಲ.

ತಪ್ಪಾದ ಸಂಖ್ಯೆಯೂ ಯಾರದೋ ಚಾಲ್ತಿ ಖಾತೆಯಾಗಿದ್ದರೆ ತೊಡಕು ಆರಂಭವಾಗುತ್ತದೆ. ಗಣಕಯಂತ್ರದ ದೃಷ್ಟಿಯಲ್ಲಿ ಅಲ್ಲಿ ಯಾವ ದೋಷವೂ ಇಲ್ಲ, ಪಾವತಿ ಯಶಸ್ವಿಯಾಗಿದೆ. ಎರಡು ಗಂಟೆಯ ನಿಯಮ ಇಂತಹ ಹಣಕ್ಕೆ ಅನ್ವಯಿಸುವುದಿಲ್ಲ.

ಒಂದು ಮಾದರಿ ಪ್ರಕರಣ

ಗೋಣಿಕೊಪ್ಪಲಿನ ಮೆಣಸು ವರ್ತಕರೊಬ್ಬರು ನಾಪೋಕ್ಲಿನ ಬೆಳೆಗಾರರಿಂದ 280 ಕಿಲೋ ಕರಿಮೆಣಸನ್ನು ಕಿಲೋಗೆ 650 ರೂಪಾಯಿಯಂತೆ ಕೊಂಡರೆಂದು ಭಾವಿಸೋಣ. ಕೊಡಬೇಕಾದ ಮೊತ್ತ 1,82,000 ರೂಪಾಯಿ. ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ ಬೇಕಾದುದರಿಂದ ಸೋಮವಾರ ಬೆಳಿಗ್ಗೆ ಎನ್‌ಇಎಫ್‌ಟಿ ಮೂಲಕ ಹಣ ಹೊರಡುತ್ತದೆ. ಗುಮಾಸ್ತರು ಕೊನೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿದ್ದಾರೆ: 72 ಎಂದಿರಬೇಕಾದಲ್ಲಿ 27. ಮಧ್ಯಾಹ್ನದೊಳಗೆ ಹಣ ಜಮೆಯಾಗುತ್ತದೆ. ಬುಧವಾರ ಬೆಳೆಗಾರರು ಕೇಳಿದಾಗಲೇ ತಪ್ಪು ತಿಳಿಯುತ್ತದೆ.

ವರ್ತಕರು ಮೊದಲು ನೋಡಬೇಕಾದದ್ದು ತಪ್ಪು ಯಾರದೆಂಬುದನ್ನು. ಶಾಖೆಯಲ್ಲಿ ಚೀಟಿ ತುಂಬಿ ಕೊಟ್ಟಿದ್ದರೆ, ಮೊಹರು ಬಿದ್ದ ಪ್ರತಿಯಲ್ಲಿ 72 ಎಂದೇ ಇದೆಯೇ? ಹಾಗಿದ್ದರೆ ತಪ್ಪು ಬ್ಯಾಂಕಿನದು, ನಷ್ಟ ತುಂಬುವ ಹೊಣೆಯೂ ಅದರದೇ. ಪ್ರತಿಯಲ್ಲೇ 27 ಎಂದಿದ್ದರೆ ಅಥವಾ ಕಚೇರಿಯ ಗಣಕಯಂತ್ರದಿಂದ ಕಳುಹಿಸಿದ್ದರೆ, ಬ್ಯಾಂಕು ಸಹಾಯ ಮಾಡಬಹುದೇ ಹೊರತು ಹಣ ತುಂಬಿಕೊಡಬೇಕಾಗಿಲ್ಲ.

ಎರಡನೆಯ ಹೆಜ್ಜೆ ಲಿಖಿತ ಅರ್ಜಿ. ಅದರಲ್ಲಿ ದಿನಾಂಕ, ಮೊತ್ತ, ಯುಟಿಆರ್ ಸಂಖ್ಯೆ, ಹಣ ಹೋದ ಖಾತೆ, ಹೋಗಬೇಕಾಗಿದ್ದ ಖಾತೆ ಮತ್ತು ಆದ ತಪ್ಪು ಎಲ್ಲವೂ ಇರಬೇಕು. ಯುಟಿಆರ್ ಎಂಬುದು ಪ್ರತಿ ಪಾವತಿಯ ಗುರುತಿನ ಸಂಖ್ಯೆ. ಎನ್‌ಇಎಫ್‌ಟಿಯಲ್ಲಿ 16, ಆರ್‌ಟಿಜಿಎಸ್‌ನಲ್ಲಿ 22 ಅಕ್ಷರಾಂಕಿಗಳಿರುತ್ತವೆ. ಇದಿಲ್ಲದೆ ಸ್ವೀಕರಿಸಿದ ಬ್ಯಾಂಕು ಪಾವತಿಯನ್ನು ಹುಡುಕುವುದು ಕಷ್ಟ. ಮೆಣಸಿನ ಖರೀದಿ ಬಿಲ್ಲಿನ ಪ್ರತಿಯನ್ನೂ ಲಗತ್ತಿಸಿದರೆ, ಹಣ ಯಾರಿಗೆ ಉದ್ದೇಶಿಸಿದ್ದೆಂಬುದಕ್ಕೆ ಆಧಾರ ಸಿಗುತ್ತದೆ. ಅರ್ಜಿಗೆ ಸ್ವೀಕೃತಿ ಪಡೆಯುವುದು ಮುಖ್ಯ. ಮುಂದಿನ ದೂರುಗಳಿಗೆಲ್ಲ ಅದರ ದಿನಾಂಕವೇ ಆಧಾರ.

ಎರಡು ಬ್ಯಾಂಕುಗಳ ನಡುವೆ ನಡೆಯುವುದೇನು?

ಗೋಣಿಕೊಪ್ಪಲಿನ ಶಾಖೆಯು ಅರ್ಜಿಯನ್ನು ತನ್ನ ಬ್ಯಾಂಕಿನ ಕೇಂದ್ರ ಪಾವತಿ ವಿಭಾಗಕ್ಕೆ ಕಳುಹಿಸುತ್ತದೆ. ಅಲ್ಲಿಂದ ಸ್ವೀಕರಿಸಿದ ಬ್ಯಾಂಕಿನ ಅಂತಹುದೇ ವಿಭಾಗಕ್ಕೆ, ಅಲ್ಲಿಂದ ಖಾತೆಯಿರುವ ನಾಪೋಕ್ಲಿನ ಶಾಖೆಗೆ ಕೋರಿಕೆ ತಲುಪುತ್ತದೆ. ಇದು ಆಜ್ಞೆಯಲ್ಲ, ಕೋರಿಕೆ ಮಾತ್ರ. ತನ್ನ ಗ್ರಾಹಕರ ಖಾತೆಗೆ ಸಂದ ಹಣವನ್ನು ಅವರ ಒಪ್ಪಿಗೆಯಿಲ್ಲದೆ, ಇನ್ನೊಂದು ಬ್ಯಾಂಕಿನ ಮಾತಿನ ಮೇಲೆ ತೆಗೆಯಲು ಸ್ವೀಕರಿಸಿದ ಬ್ಯಾಂಕಿಗೆ ಅಧಿಕಾರವಿಲ್ಲ. ಕೆಲವು ಬ್ಯಾಂಕುಗಳು ಕೋರಿಕೆ ಬಂದೊಡನೆ ಆ ಮೊತ್ತಕ್ಕೆ ತಾತ್ಕಾಲಿಕ ತಡೆ ಹಾಕುತ್ತವೆ. ಮತ್ತೆ ಕೆಲವು ಖಾತೆದಾರರ ಉತ್ತರಕ್ಕಾಗಿ ಕಾಯುತ್ತವೆ. ಈ ಕಾರಣದಿಂದಲೇ ಮೊದಲ ದಿನ ಸಲ್ಲಿಸಿದ ಅರ್ಜಿಗೂ ಹತ್ತನೆಯ ದಿನ ಸಲ್ಲಿಸಿದ ಅರ್ಜಿಗೂ ಫಲದಲ್ಲಿ ಬಹಳ ಅಂತರವಿರುತ್ತದೆ.

ಶಾಖೆಯ ವ್ಯವಸ್ಥಾಪಕರು ಖಾತೆದಾರರನ್ನು ಸಂಪರ್ಕಿಸಿ ವಿಷಯ ತಿಳಿಸುತ್ತಾರೆ. ಅವರು ಒಪ್ಪಿದರೆ ಖಾತೆಯಿಂದ ಹಣ ತೆಗೆಯಲು ಸಹಿ ಮಾಡಿದ ಅಧಿಕಾರ ಪತ್ರ ಕೊಡುತ್ತಾರೆ. ಮುಂದೆ ತಕರಾರು ಬಂದರೆ ತನಗೆ ನಷ್ಟವಾಗದಂತೆ ಸ್ವೀಕರಿಸಿದ ಬ್ಯಾಂಕು ಕಳುಹಿಸಿದ ಬ್ಯಾಂಕಿನಿಂದ ನಷ್ಟಭರ್ತಿ ಪತ್ರ ಕೇಳುವುದೂ ಉಂಟು. ಕಳುಹಿಸಿದ ಬ್ಯಾಂಕು ಅಂತಹುದೇ ಪತ್ರವನ್ನು ವರ್ತಕರಿಂದ ಬರೆಸಿಕೊಳ್ಳುತ್ತದೆ. ಬಳಿಕ ಹಣವು ಹೊಸ ಪಾವತಿಯಾಗಿ, ಹೊಸ ಯುಟಿಆರ್‌ನೊಂದಿಗೆ ಮರಳುತ್ತದೆ. ಲೆಕ್ಕಪುಸ್ತಕದಲ್ಲಿ ಅಲ್ಲಿಯವರೆಗೆ ಆ ಮೊತ್ತವನ್ನು ಬೆಳೆಗಾರರ ಹೆಸರಿಗೆ ಖರ್ಚು ಹಾಕದೆ ಅನಾಮತ್ತು ಖಾತೆಯಲ್ಲಿ ತೋರಿಸುವುದು ಸರಿ. ಬೆಳೆಗಾರರಿಗೆ ಕೊಡಬೇಕಾದ ಬಾಕಿ ಹಾಗೆಯೇ ಉಳಿದಿರುತ್ತದೆ.

ಮಾದರಿ ಪ್ರಕರಣದಲ್ಲಿ ವರ್ತಕರಿಗೆ ಒಂದು ಅನುಕೂಲವಿದೆ. ಅನೇಕ ಬ್ಯಾಂಕುಗಳಲ್ಲಿ ಒಂದೇ ಶಾಖೆಯ ಖಾತೆಗಳಿಗೆ ಸಂಖ್ಯೆಗಳು ಅನುಕ್ರಮವಾಗಿ ಬಂದಿರುತ್ತವೆ. ಕೊನೆಯ ಅಂಕಿಗಳು ಮಾತ್ರ ತಪ್ಪಿದ್ದರೆ ಹಣ ಅದೇ ಊರಿನ ಮತ್ತೊಬ್ಬ ಗ್ರಾಹಕರಿಗೆ ಹೋಗಿರುವ ಸಂಭವ ಹೆಚ್ಚು. ವ್ಯವಸ್ಥಾಪಕರಿಗೆ ಅವರ ಪರಿಚಯವೂ ಇರಬಹುದು. ಆದರೂ ಅವರ ಹೆಸರು, ವಿಳಾಸವನ್ನು ವರ್ತಕರಿಗೆ ತಿಳಿಸುವಂತಿಲ್ಲ. ಗ್ರಾಹಕರ ಗೋಪ್ಯತೆ ಕಾಯುವುದು ಬ್ಯಾಂಕಿನ ಕರ್ತವ್ಯ.

ಹಣ ಸಿಲುಕುವ ಸ್ಥಳಗಳು

ಒಪ್ಪಿಗೆಯಿದ್ದರೂ ಹಣ ಸಿಗದ ಸಂದರ್ಭಗಳಿವೆ. ಹಣ ಸೇರಿದ್ದು ಬೆಳೆ ಸಾಲದ ಅಥವಾ ಓವರ್‌ಡ್ರಾಫ್ಟ್ ಖಾತೆಗಾದರೆ, ಜಮೆಯಾದ ಕ್ಷಣವೇ ಅದು ಸಾಲದ ಬಾಕಿಯನ್ನು ಇಳಿಸುತ್ತದೆ. ಸಾಲದ ಮಿತಿಯಲ್ಲಿ ಅವಕಾಶವಿದ್ದರೆ ಮರಳಿ ತೆಗೆಯಬಹುದು. ಸಾಲವು ಸುಸ್ತಿಯಾಗಿದ್ದರೆ ಬ್ಯಾಂಕೂ ಹಿಂದೇಟು ಹಾಕುತ್ತದೆ. ಎರಡು ವರ್ಷಗಳಿಂದ ವ್ಯವಹಾರವಿಲ್ಲದ ಖಾತೆಗೆ ಹೋದರೆ ಹಣ ಸುರಕ್ಷಿತವಾಗಿರುತ್ತದೆ, ಆದರೆ ಒಪ್ಪಿಗೆ ಕೊಡುವವರು ಸಿಗುವುದು ಕಷ್ಟ.

ಖಾತೆದಾರರು ಹಣವನ್ನು ತಮ್ಮದೇ ಎಂದು ತಿಳಿದು ಖರ್ಚು ಮಾಡಿರುವುದೂ ಸಾಧ್ಯ. ಕಾಫಿ ಕೊಯ್ಲಿನ ನಂತರ ಹಲವೆಡೆಗಳಿಂದ ಹಣ ಬರುವ ತಿಂಗಳುಗಳಲ್ಲಿ ಇದು ಸಹಜ. ಮಾದರಿ ಪ್ರಕರಣದಲ್ಲಿ 40,000 ರೂಪಾಯಿ ಖರ್ಚಾಗಿದ್ದರೆ, ಉಳಿದ 1,42,000 ರೂಪಾಯಿಯನ್ನು ಕೂಡಲೇ ಪಡೆದು, ಬಾಕಿಗೆ ಕಂತು ಗೊತ್ತುಮಾಡಿ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುವುದು ಲೇಸು.

ಖಾತೆದಾರರು ಒಪ್ಪದಿದ್ದರೆ

1872ರ ಭಾರತೀಯ ಕರಾರು ಅಧಿನಿಯಮದ 72ನೇ ಪ್ರಕರಣದಂತೆ, ತಪ್ಪಿನಿಂದ ಹಣ ಪಡೆದವರು ಅದನ್ನು ಹಿಂದಿರುಗಿಸಲೇಬೇಕು. ಪಾವತಿ ಮಾಡಿದವರ ಅಜಾಗರೂಕತೆಯಿಂದ ತಪ್ಪಾಯಿತೆಂಬ ಕಾರಣಕ್ಕೆ ಈ ಹಕ್ಕು ಹೋಗುವುದಿಲ್ಲ. ಸಿವಿಲ್ ದಾವೆಗೆ ಕಾಲಮಿತಿ ಮೂರು ವರ್ಷ. ಎದುರಾಳಿಯ ಹೆಸರು ತಿಳಿಯದಿರುವ ತೊಡಕನ್ನು, ಖಾತೆಯ ವಿವರ ಹಾಜರುಪಡಿಸಲು ಬ್ಯಾಂಕಿಗೆ ಸೂಚಿಸುವಂತೆ ನ್ಯಾಯಾಲಯವನ್ನು ಕೋರಿ ನಿವಾರಿಸಿಕೊಳ್ಳಬಹುದು.

ತನ್ನದಲ್ಲವೆಂದು ತಿಳಿದ ಮೇಲೂ ಹಣವನ್ನು ಅಪ್ರಾಮಾಣಿಕವಾಗಿ ಬಳಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಪ್ರಕರಣದಡಿ ಅಪರಾಧ. ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡಕ್ಕೆ ಅವಕಾಶವಿದೆ. ಆದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಇದರಲ್ಲಿ ತನಿಖೆಗಿಳಿಯುವಂತಿಲ್ಲ. ಹಾಗಾಗಿ ವಕೀಲರ ನೋಟಿಸನ್ನು ಸ್ವೀಕರಿಸಿದ ಬ್ಯಾಂಕಿನ ಮೂಲಕ ಖಾತೆದಾರರಿಗೆ ತಲುಪಿಸುವಂತೆ ಕೋರುವುದೇ ಮೊದಲ ಪರಿಣಾಮಕಾರಿ ಕ್ರಮ. ಹಣ ತಮ್ಮದಲ್ಲವೆಂಬುದು ಅವರಿಗೆ ಲಿಖಿತವಾಗಿ ತಿಳಿದಂತಾಗುತ್ತದೆ.

ಬ್ಯಾಂಕು ಕೋರಿಕೆಯನ್ನು ಮುಂದಕ್ಕೆ ಕಳುಹಿಸದೆ ಸುಮ್ಮನಿದ್ದರೆ ಅದು ಸೇವಾ ಲೋಪ. ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ cms.rbi.org.in ತಾಣದ ಮೂಲಕ ದೂರು ಕೊಡಬಹುದು. ಖಾತೆದಾರರು ಒಪ್ಪಲಿಲ್ಲವೆಂಬುದು ಮಾತ್ರ ಬ್ಯಾಂಕಿನ ಲೋಪವೆನಿಸುವುದಿಲ್ಲ.

ವಂಚನೆಗೆ ಬೇರೆಯೇ ದಾರಿ

ತಪ್ಪು ಬರವಣಿಗೆಯನ್ನೂ ಮೋಸವನ್ನೂ ಒಂದೆಂದು ಭಾವಿಸಬಾರದು. ಸರಬರಾಜುದಾರರ ಹೆಸರಿನಲ್ಲಿ ಯಾರೋ ಮಿಂಚಂಚೆ ಕಳುಹಿಸಿ, ಖಾತೆ ಬದಲಾಗಿದೆ ಎಂದು ನಂಬಿಸಿ ಹಣ ಹಾಕಿಸಿಕೊಂಡಿದ್ದರೆ ಅದು ವಂಚನೆ. ಅಂತಹ ಸಂದರ್ಭದಲ್ಲಿ ಬ್ಯಾಂಕಿನ ಜೊತೆಗೆ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ಹರಿಯುವ ಮೊದಲೇ ತಡೆಹಿಡಿಯಲು ಅಲ್ಲಿ ವ್ಯವಸ್ಥೆಯಿದೆ. ಬೇಗ ತಡೆ ಬೀಳಲೆಂದು ತಮ್ಮದೇ ಬರವಣಿಗೆಯ ತಪ್ಪನ್ನು ವಂಚನೆಯೆಂದು ದೂರುವುದು ಸಲ್ಲದು. ಅದು ನಿರಪರಾಧಿಯೊಬ್ಬರ ಖಾತೆಯನ್ನು ನಿಲ್ಲಿಸುತ್ತದೆ ಮತ್ತು ಸುಳ್ಳು ದೂರಿನ ಹೊಣೆಯನ್ನು ವರ್ತಕರ ಮೇಲೆ ತರುತ್ತದೆ.

ಕಳುಹಿಸುವ ಮುನ್ನ ಹೆಸರು ನೋಡುವ ಸೌಲಭ್ಯ

2010ರ ನಿಯಮದಿಂದ ಉಂಟಾದ ಕೊರತೆಯನ್ನು ತುಂಬಲು ರಿಸರ್ವ್ ಬ್ಯಾಂಕು 2024ರ ಡಿಸೆಂಬರ್ 30ರಂದು ಮತ್ತೊಂದು ಸುತ್ತೋಲೆ ಹೊರಡಿಸಿತು. ಎನ್‌ಇಎಫ್‌ಟಿ ಮತ್ತು ಆರ್‌ಟಿಜಿಎಸ್ ಮೂಲಕ ಹಣ ಕಳುಹಿಸುವ ಮುನ್ನ ಆ ಖಾತೆ ಯಾರ ಹೆಸರಿನಲ್ಲಿದೆಯೆಂದು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ಬ್ಯಾಂಕುಗಳಿಗೆ ಅದರಲ್ಲಿ ಸೂಚಿಸಲಾಯಿತು. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೊಟ್ಟರೆ ಸ್ವೀಕರಿಸುವ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು ಕಾಣುತ್ತದೆ. ಇದಕ್ಕೆ ಶುಲ್ಕವಿಲ್ಲ. ಶಾಖೆಗೆ ಹೋಗಿ ಹಣ ಕಳುಹಿಸುವವರೂ ಇದನ್ನು ಕೇಳಿ ಪಡೆಯಬಹುದು.

ಕೊಡಗಿನ ಮಟ್ಟಿಗೆ ಇದರಲ್ಲಿ ಒಂದು ಎಚ್ಚರ ಅಗತ್ಯ. ಇಲ್ಲಿ ಮನೆತನದ ಹೆಸರು ಆದ್ಯಕ್ಷರವಾಗಿ ಮುಂದೆ ಬರುತ್ತದೆ. ಒಂದೇ ಒಕ್ಕದಲ್ಲಿ ಪೊನ್ನಪ್ಪ, ಮುತ್ತಣ್ಣ, ಪೂವಯ್ಯ ಮುಂತಾದ ಹೆಸರಿನವರು ಒಬ್ಬರಿಗಿಂತ ಹೆಚ್ಚು ಇರಬಹುದು. ತೋಟದ ಖಾತೆ ಕುಟುಂಬದ ಹಿರಿಯರ ಹೆಸರಿನಲ್ಲಿದ್ದು, ಬಿಲ್ಲು ಮಗನ ಹೆಸರಿನಲ್ಲಿರುವುದೂ ಉಂಟು. ಹೆಸರು ಹೊಂದಿದರೂ ಬೇರೆ ಖಾತೆಯಾಗಿರಬಹುದು, ಹೊಂದದಿದ್ದರೂ ಸರಿಯಾದ ಖಾತೆಯೇ ಆಗಿರಬಹುದು. ಆದ್ದರಿಂದ ಹೊಸ ಖಾತೆಗೆ ಮೊದಲ ಬಾರಿ ಕಳುಹಿಸುವಾಗ ಒಂದು ರೂಪಾಯಿ ಕಳುಹಿಸಿ, ಬಂದಿತೆಂದು ಬೆಳೆಗಾರರು ದೂರವಾಣಿಯಲ್ಲಿ ತಿಳಿಸಿದ ಮೇಲೆ ಉಳಿದ ಮೊತ್ತ ಕಳುಹಿಸುವುದು ಉತ್ತಮ. ಖಾತೆ ಸಂಖ್ಯೆಯನ್ನು ಬಾಯಿಮಾತಿನಿಂದ ಬರೆದುಕೊಳ್ಳದೆ ಪಾಸ್‌ಬುಕ್ಕಿನ ಮೊದಲ ಪುಟ ಅಥವಾ ರದ್ದುಪಡಿಸಿದ ಚೆಕ್ಕಿನ ಪ್ರತಿಯಿಂದ ಪಡೆಯಬೇಕು. ಹಣ ಹೊರಟ ದಿನವೇ ಪಡೆಯುವವರನ್ನು ವಿಚಾರಿಸುವ ಪದ್ಧತಿಯಿದ್ದಿದ್ದರೆ, ಮೇಲಿನ ಪ್ರಕರಣದ ತಪ್ಪು ಬುಧವಾರದ ಬದಲು ಸೋಮವಾರ ಸಂಜೆಯೇ ತಿಳಿಯುತ್ತಿತ್ತು. ಖರ್ಚಾದ 40,000 ರೂಪಾಯಿಯೂ ಬಹುಶಃ ಖಾತೆಯಲ್ಲೇ ಇರುತ್ತಿತ್ತು.